ಅಕ್ಟೋಬರ್ ಅಥವಾ ಏಪ್ರಿಲ್: ಜರ್ಮನಿಯ ಎಂ.ಎಸ್ಸಿ. ಪ್ರವೇಶಕ್ಕೆ ಸೆಮಿಸ್ಟರ್ ಆಯ್ದುಕೊಳ್ಳುವ ಲೆಕ್ಕ

ಬಿ.ಇ. ಕೊನೆಯ ವರ್ಷದಲ್ಲಿರುವ, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಓದಬೇಕೆಂದಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಯೋಚಿಸುತ್ತಾರೆ. ಮೊದಲು ಅಕ್ಟೋಬರ್‌ನಲ್ಲಿ ಪ್ರವೇಶ ಕೊಡುವ ವಿಂಟರ್ ಇನ್‌ಟೇಕ್‌ಗೆ ಪ್ರಯತ್ನಿಸುವುದು, ಅದು ಕೈತಪ್ಪಿದರೆ ಆರು ತಿಂಗಳ ನಂತರದ ಸಮ್ಮರ್ ಇನ್‌ಟೇಕ್‌ಗೆ ಹೋಗುವುದು, ಹಾಗೆ ಮಾಡಿದರೆ ಅರ್ಧ ವರ್ಷವಾದರೂ ಉಳಿಯುತ್ತದೆ ಎಂಬುದು ಆ ಯೋಚನೆ. ಈ ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಕೋರ್ಸಿನ ಒಳರಚನೆಯನ್ನು ಬಿಡಿಸಿ ನೋಡಿದರೆ, ಏಪ್ರಿಲ್‌ನಲ್ಲಿ ಹೋದವರು ಮತ್ತು ಆರು ತಿಂಗಳು ತಡವಾಗಿ ಅಕ್ಟೋಬರ್‌ನಲ್ಲಿ ಹೋದವರು ಒಂದೇ ದಿನ ಪದವಿ ಮುಗಿಸುವ ಸಂದರ್ಭಗಳು ಅಪರೂಪವೇನಲ್ಲ. ಅದು ಹೇಗೆ, ಯಾವ ಕೋರ್ಸಿನಲ್ಲಿ ಹಾಗಾಗುತ್ತದೆ, ವೀಸಾ ಮತ್ತು ವಿದ್ಯಾರ್ಥಿವೇತನಗಳ ದಿನಾಂಕಗಳು ಈ ಲೆಕ್ಕದೊಳಗೆ ಎಲ್ಲಿ ಸೇರುತ್ತವೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್‌ಗಳಿವೆ. ವಿಂಟರ್ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಸಮ್ಮರ್ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಇವು ಕಾಗದದ ಮೇಲಿನ ದಿನಾಂಕಗಳು. ಪಾಠಗಳು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಭಾಗದಲ್ಲಿ ಮತ್ತು ಏಪ್ರಿಲ್ ಮಧ್ಯಭಾಗದಲ್ಲಿ ಆರಂಭವಾಗುತ್ತವೆ. ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳೆಂದು ಕರೆಯುವ ಹೋಖ್‌ಶೂಲೆಗಳಲ್ಲಿ ಎಲ್ಲವೂ ಸುಮಾರು ಒಂದು ತಿಂಗಳು ಮುಂಚೆ, ಅಂದರೆ ಸೆಪ್ಟೆಂಬರ್ ಮತ್ತು ಮಾರ್ಚ್ ತಿಂಗಳಲ್ಲಿ ಶುರುವಾಗುತ್ತದೆ. ಈ ಒಂದು ತಿಂಗಳ ವ್ಯತ್ಯಾಸ ಚಿಕ್ಕದೆಂದು ತೋರಿದರೂ ವೀಸಾ ವಿಷಯ ಬಂದಾಗ ಅದೇ ನಿರ್ಣಾಯಕವಾಗುತ್ತದೆ.

ಎರಡೂ ಸೆಮಿಸ್ಟರ್‌ಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಕೋರ್ಸುಗಳು ಇವೆಯಾದರೂ ಸಂಖ್ಯೆಯಲ್ಲಿ ಸಮಾನವಾಗಿಲ್ಲ. ಇಂಗ್ಲಿಷ್ ಮಾಧ್ಯಮದ ಎಂ.ಎಸ್ಸಿ. ಕೋರ್ಸುಗಳಲ್ಲಿ ಹೆಚ್ಚಿನವು ವಿಂಟರ್‌ನಲ್ಲಿ ಮಾತ್ರ ಪ್ರವೇಶ ಕೊಡುತ್ತವೆ. ಆದ್ದರಿಂದ ಏಪ್ರಿಲ್‌ಗೆ ಹೋಗುತ್ತೇನೆಂದು ಮೊದಲೇ ನಿರ್ಧರಿಸಿ ಆಮೇಲೆ ಕೋರ್ಸು ಹುಡುಕುವವರು, ತಮಗೆ ಬೇಕಾದ ಕೋರ್ಸನ್ನಲ್ಲ, ಏಪ್ರಿಲ್‌ನಲ್ಲಿ ಉಳಿದಿರುವ ಕೋರ್ಸನ್ನು ಆಯ್ದುಕೊಂಡಂತಾಗುತ್ತದೆ. ನನ್ನ ಪ್ರಕಾರ ಹುಡುಕಾಟದ ಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಮೊದಲು ಐದಾರು ಕೋರ್ಸುಗಳನ್ನು ವಿಷಯದ ದೃಷ್ಟಿಯಿಂದ ಗುರುತಿಸಿ, ಅನಂತರ ಪ್ರತಿಯೊಂದರ ಪುಟದಲ್ಲಿ ಪ್ರವೇಶ ಯಾವ ಸೆಮಿಸ್ಟರ್‌ಗೆ ಎಂಬ ಸಾಲನ್ನು ನೋಡಬೇಕು.

ಆ ಸಾಲಿನಲ್ಲಿ ಎರಡೂ ಸೆಮಿಸ್ಟರ್ ಎಂದು ಬರೆದಿದ್ದರೂ ವಿಚಾರಣೆ ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿ ಕೋರ್ಸಿಗೂ ಮಾಡ್ಯೂಲ್ ಹ್ಯಾಂಡ್‌ಬುಕ್ ಎಂಬ ಕಡತವೊಂದು ಇರುತ್ತದೆ. ಕೋರ್ಸಿನ ಪುಟದಲ್ಲಿಯೇ ಅದು ಪಿಡಿಎಫ್ ರೂಪದಲ್ಲಿ ಸಿಗುತ್ತದೆ, ಎಷ್ಟೋ ಸಲ ಇನ್ನೂರು ಪುಟಗಳನ್ನೂ ಮೀರುತ್ತದೆ, ಹಾಗಾಗಿ ಅರ್ಜಿ ಹಾಕುವವರಲ್ಲಿ ಅದನ್ನು ತೆರೆದು ನೋಡುವವರು ಕಡಿಮೆ. ಆದರೆ ಅದನ್ನು ಪೂರ್ತಿ ಓದಬೇಕಾಗಿಲ್ಲ. ಪ್ರತಿ ವಿಷಯದ ಕೆಳಗೆ ಅದು ಎಷ್ಟು ಕ್ರೆಡಿಟ್‌ನದು, ಯಾವ ಸೆಮಿಸ್ಟರ್‌ನಲ್ಲಿ ಕಲಿಸುತ್ತಾರೆ, ಅದಕ್ಕೂ ಮೊದಲು ಯಾವ ವಿಷಯ ಪಾಸಾಗಿರಬೇಕು ಎಂಬ ಮೂರು ಸಂಗತಿಗಳು ಇರುತ್ತವೆ. ಕಲಿಸುವ ಸೆಮಿಸ್ಟರನ್ನು ಜರ್ಮನ್ ಕಡತದಲ್ಲಿ Turnus ಎಂಬ ಸಾಲಿನಲ್ಲಿ ಬರೆಯುತ್ತಾರೆ. ಅದರ ಮುಂದೆ WiSe ಎಂದಿದ್ದರೆ ವಿಂಟರ್‌ನಲ್ಲಿ ಮಾತ್ರ, SoSe ಎಂದಿದ್ದರೆ ಸಮ್ಮರ್‌ನಲ್ಲಿ ಮಾತ್ರ ಆ ಪಾಠ ನಡೆಯುತ್ತದೆ. ಕಡ್ಡಾಯ ವಿಷಯಗಳಿಗೆ ಸಂಬಂಧಿಸಿದ ಈ ಮೂರು ಸಾಲುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಕೋರ್ಸಿನ ಒಳರಚನೆ ಕಣ್ಣಿಗೆ ಕಟ್ಟುತ್ತದೆ.

ದಾವಣಗೆರೆಯ ಒಬ್ಬ ವಿದ್ಯಾರ್ಥಿನಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಅವಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, 2026ರ ಬೇಸಿಗೆಯಲ್ಲಿ ಎಂಟನೆಯ ಸೆಮಿಸ್ಟರ್ ಮುಗಿಸುತ್ತಾಳೆ. ಅವಳು ಮೆಚ್ಚಿದ ಕೋರ್ಸು ನಾಲ್ಕು ಸೆಮಿಸ್ಟರ್‌ಗಳದು, ಸೆಮಿಸ್ಟರಿಗೆ 30ರಂತೆ ಒಟ್ಟು 120 ಕ್ರೆಡಿಟ್. ಅದರಲ್ಲಿ ಕೊನೆಯ 30 ಕ್ರೆಡಿಟ್ ಪ್ರಬಂಧಕ್ಕೆ ಮೀಸಲು. ಹ್ಯಾಂಡ್‌ಬುಕ್‌ನಲ್ಲಿ ಮೂರು ಕಡ್ಡಾಯ ವಿಷಯಗಳು ಸರಪಳಿಯಂತೆ ಹೆಣೆದುಕೊಂಡಿವೆ. ಮೊದಲನೆಯದಾದ ಕಂಟ್ರೋಲ್ ಥಿಯರಿ ವಿಂಟರ್‌ನಲ್ಲಿ ಮಾತ್ರ ನಡೆಯುತ್ತದೆ. ಎರಡನೆಯದು ಸಮ್ಮರ್‌ನಲ್ಲಿ ಮಾತ್ರ ನಡೆಯುವಂಥದ್ದು, ಮೊದಲನೆಯದು ಮುಗಿದಿರದಿದ್ದರೆ ಅದಕ್ಕೆ ಕೂರುವಂತಿಲ್ಲ. ಮೂರನೆಯದು ಒಂದು ಪ್ರಯೋಗಾಲಯ ಪ್ರಾಜೆಕ್ಟ್, ಅದು ಮತ್ತೆ ವಿಂಟರ್‌ನಲ್ಲಿ, ಎರಡನೆಯ ವಿಷಯ ಮುಗಿಸಿದವರಿಗೆ ಮಾತ್ರ. ಇವೆಲ್ಲ ಆದ ಮೇಲೆ ಪ್ರಬಂಧ.

ಅವಳು 2026ರ ಅಕ್ಟೋಬರ್‌ನಲ್ಲಿ ಸೇರಿದರೆ ಮೊದಲ ವಿಂಟರ್‌ನಲ್ಲಿ ಒಂದನೆಯ ವಿಷಯ, ಸಮ್ಮರ್‌ನಲ್ಲಿ ಎರಡನೆಯದು, ಮುಂದಿನ ವಿಂಟರ್‌ನಲ್ಲಿ ಪ್ರಾಜೆಕ್ಟ್, ಅದರ ಮುಂದಿನ ಸಮ್ಮರ್‌ನಲ್ಲಿ ಪ್ರಬಂಧ ಮುಗಿಸಿ 2028ರ ಸೆಪ್ಟೆಂಬರ್‌ಗೆ ಪದವಿ ಪಡೆಯುತ್ತಾಳೆ. ಅದು ತಪ್ಪಿ 2027ರ ಏಪ್ರಿಲ್‌ನಲ್ಲಿ ಸೇರಿದಳೆಂದುಕೊಳ್ಳೋಣ. ಆ ಸಮ್ಮರ್‌ನಲ್ಲಿ ಸರಪಳಿಯ ಮೊದಲ ವಿಷಯ ನಡೆಯುವುದಿಲ್ಲ, ಎರಡನೆಯದಕ್ಕೆ ಅವಳಿಗೆ ಅರ್ಹತೆಯಿಲ್ಲ. ಹಾಗಾಗಿ ಐಚ್ಛಿಕ ವಿಷಯಗಳನ್ನು ಮಾತ್ರ ಓದಬೇಕಾಗುತ್ತದೆ. ಸರಪಳಿ ಶುರುವಾಗುವುದು 2027ರ ಅಕ್ಟೋಬರ್‌ನಲ್ಲಿ. ಅಲ್ಲಿಂದ ನಾಲ್ಕು ಸೆಮಿಸ್ಟರ್ ಲೆಕ್ಕ ಹಾಕಿದರೆ 2029ರ ಸೆಪ್ಟೆಂಬರ್ ಆಗುತ್ತದೆ. ಇನ್ನು ಮನೆಯಲ್ಲೇ ಕಾದು 2027ರ ಅಕ್ಟೋಬರ್‌ನಲ್ಲಿ ಸೇರಿದ್ದರೆ? ಆಗಲೂ 2029ರ ಸೆಪ್ಟೆಂಬರ್. ಅರ್ಧ ವರ್ಷ ಮುಂಚೆ ಹೋದದ್ದರಿಂದ ಪದವಿಯ ದಿನ ಒಂದು ವಾರವೂ ಹತ್ತಿರವಾಗಲಿಲ್ಲ.

ಹಣದ ಲೆಕ್ಕವನ್ನೂ ಇದರ ಪಕ್ಕದಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನ್ ವಿದ್ಯಾರ್ಥಿ ವೀಸಾಕ್ಕೆ, ತಿಂಗಳಿಗಿಷ್ಟು ಎಂದು ಮಾತ್ರ ಹಣ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ತೋರಿಸಬೇಕಾದ ಮೊತ್ತ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ ಅದು 5,952 ಯೂರೋ ಆಗುತ್ತದೆ. ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೂ ಸುಮಾರು ಆರು ಲಕ್ಷ ರೂಪಾಯಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲದಿದ್ದರೂ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಅಲ್ಲಿ ಓದುವವರಿಗೆ ಐದನೆಯ ಸೆಮಿಸ್ಟರಿನ ಬೆಲೆ ಇನ್ನೂ ಹೆಚ್ಚು. ಸಾಲ ಮಾಡಿ ಹೋಗುವ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ.

ಹಾಗೆಂದು ಏಪ್ರಿಲ್ ಪ್ರವೇಶವೇ ತಪ್ಪು ಎಂದು ನಾನು ಹೇಳುವುದಿಲ್ಲ. ಸರಪಳಿಯಿಲ್ಲದ ಕೋರ್ಸುಗಳಿವೆ. ಕೆಲವು ಕಡೆ ವಿಷಯಗಳನ್ನು ಎರಡು ಸಮಾನ ಗುಂಪುಗಳಾಗಿ ಮಾಡಿ, ಯಾವುದನ್ನು ಮೊದಲು ಓದಿದರೂ ನಡೆಯುವಂತೆ ರಚಿಸಿರುತ್ತಾರೆ. ಅಂಥ ಕೋರ್ಸಿಗೆ ಏಪ್ರಿಲ್‌ನಲ್ಲಿ ಸೇರಿದವರು 24 ತಿಂಗಳಲ್ಲಿ, ಅಂದರೆ ಎರಡು ವರ್ಷದ ನಂತರದ ಮಾರ್ಚ್‌ಗೆ, ನಿಜವಾಗಿಯೂ ಮುಗಿಸುತ್ತಾರೆ. ಹೀಗೆ ರಚಿತವಾದ ಕೋರ್ಸನ್ನು ಗುರುತಿಸುವುದು ಸುಲಭ. ಪಠ್ಯಕ್ರಮದ ಪುಟದಲ್ಲಿ ವಿಂಟರ್‌ನಲ್ಲಿ ಸೇರುವವರಿಗೆ ಒಂದು, ಸಮ್ಮರ್‌ನಲ್ಲಿ ಸೇರುವವರಿಗೆ ಇನ್ನೊಂದು ಎಂದು ಎರಡು ಪ್ರತ್ಯೇಕ ಅಧ್ಯಯನ ಯೋಜನೆಗಳನ್ನು ಅವರೇ ಕೊಟ್ಟಿರುತ್ತಾರೆ. ಒಂದೇ ಯೋಜನೆಯಿದ್ದು ಅದು ವಿಂಟರ್‌ನಿಂದ ಆರಂಭವಾಗುತ್ತಿದ್ದರೆ ಕೋರ್ಸಿನ ಅಧ್ಯಯನ ಸಲಹೆಗಾರರಿಗೆ ಇಮೇಲ್ ಬರೆದು, ಸಮ್ಮರ್‌ನಲ್ಲಿ ಸೇರಿದವರು ಮೊದಲ ಸೆಮಿಸ್ಟರ್‌ನಲ್ಲಿ ಯಾವ ವಿಷಯಗಳನ್ನು ತೆಗೆದುಕೊಳ್ಳುತ್ತಾರೆ ಎಂದು ನೇರವಾಗಿ ಕೇಳಬೇಕು. 30 ಕ್ರೆಡಿಟ್‌ನಷ್ಟು ವಿಷಯಗಳ ಹೆಸರು ಉತ್ತರದಲ್ಲಿ ಬಂದರೆ ದಾರಿ ಸುಗಮವಾಗಿದೆ ಎಂದರ್ಥ.

ಏಪ್ರಿಲ್‌ಗೆ ಇನ್ನೊಂದು ನಿಜವಾದ ಅನುಕೂಲವಿದೆ. ಅಕ್ಟೋಬರ್‌ನಲ್ಲಿ ಹೆಚ್ಚಿನ ಹೊಸ ವಿದ್ಯಾರ್ಥಿಗಳು ಒಟ್ಟಿಗೆ ಊರಿಗೆ ಬರುವುದರಿಂದ ಮ್ಯೂನಿಕ್‌ನಂಥ ನಗರಗಳಲ್ಲಿ ಕೋಣೆ ಸಿಗುವುದೇ ದೊಡ್ಡ ಕಷ್ಟ. ಏಪ್ರಿಲ್‌ನಲ್ಲಿ ಬರುವವರು ಕಡಿಮೆ, ಹಾಗಾಗಿ ಕೋಣೆಗಾಗಿ ನಡೆಯುವ ಪೈಪೋಟಿಯೂ ಸ್ವಲ್ಪ ಕಡಿಮೆ.

ಇನ್ನು ವೀಸಾದ ಮಾತು. ಇಲ್ಲಿ ಎರಡು ಇನ್‌ಟೇಕ್‌ಗಳ ನಡುವೆ ಹೆಚ್ಚಿನವರು ಊಹಿಸದ ವ್ಯತ್ಯಾಸವೊಂದಿದೆ. ಏಪ್ರಿಲ್‌ಗೆ ಹೋಗುವವರಿಗೆ ಹೆಚ್ಚು ಸಮಯ ಸಿಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅರ್ಜಿಯ ಸಿದ್ಧತೆಗೆ ಹೆಚ್ಚು ಸಮಯ ಸಿಗುವುದು ನಿಜ, ಆದರೆ ಪ್ರವೇಶಪತ್ರ ಕೈಗೆ ಬಂದ ದಿನದಿಂದ ಪಾಠ ಆರಂಭವಾಗುವ ದಿನದವರೆಗಿನ ಸಮಯ ಏಪ್ರಿಲ್‌ನವರಿಗೆ ಬಹಳ ಸಲ ಕಡಿಮೆಯೇ ಇರುತ್ತದೆ.

ಹಿಂದಿನಿಂದ ಎಣಿಸಿದರೆ ಇದು ಸ್ಪಷ್ಟವಾಗುತ್ತದೆ. ಓದಿಗಾಗಿ ಕೊಡುವ ರಾಷ್ಟ್ರೀಯ ವೀಸಾಕ್ಕೆ ಅರ್ಜಿ ಸಲ್ಲಿಸಿದ ಮೇಲೆ ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು ಎಂದುಕೊಂಡು ಯೋಜನೆ ಮಾಡುವುದು ಕ್ಷೇಮ. ಸಮ್ಮರ್ ಸೆಮಿಸ್ಟರಿನ ಅರ್ಜಿಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ಜನವರಿ 15 ಕೊನೆಯ ದಿನ. ಅರ್ಜಿಯನ್ನು ಬರ್ಲಿನ್‌ನ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಕಳಿಸಬೇಕಾಗಿದ್ದರೆ ದಾಖಲೆಗಳ ಪರಿಶೀಲನೆಗೆ ಅಲ್ಲಿಯೇ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಮೇಲೆ ವಿಶ್ವವಿದ್ಯಾಲಯದ ನಿರ್ಧಾರ. ಪ್ರವೇಶಪತ್ರ ಫೆಬ್ರುವರಿ ಕೊನೆಗೆ ಬಂತೆಂದು ಹಿಡಿದು, ಅದೇ ದಿನ ವೀಸಾಕ್ಕೆ ಅರ್ಜಿ ಹಾಕಿದರೂ ಎಂಟು ವಾರವೆಂದರೆ ಏಪ್ರಿಲ್ ಕೊನೆ, ಹನ್ನೆರಡು ವಾರವೆಂದರೆ ಮೇ ಮೂರನೆಯ ವಾರ. ಪಾಠಗಳು ಆಗಲೇ ಒಂದು ತಿಂಗಳು ನಡೆದಿರುತ್ತವೆ. ಮಾರ್ಚ್‌ನಲ್ಲಿಯೇ ಶುರುವಾಗುವ ಹೋಖ್‌ಶೂಲೆಯಾದರೆ ಪರಿಸ್ಥಿತಿ ಇನ್ನೂ ಕಷ್ಟ.

ವಿಂಟರ್‌ನಲ್ಲಿಯೂ ಇದೇ ತೊಂದರೆ ಜುಲೈ 15ರ ಕೊನೆಯ ದಿನವಿರುವ ಕೋರ್ಸುಗಳಲ್ಲಿ ಎದುರಾಗುತ್ತದೆ. ಆದರೆ ವಿಂಟರ್‌ಗೆ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನು ಬಹಳ ಮುಂಚೆಯೇ ಮುಗಿಸುವ ವಿಶ್ವವಿದ್ಯಾಲಯಗಳು ಹೆಚ್ಚು. ಆಹೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯವು ಯುರೋಪಿನ ಹೊರಗಿನವರಿಗೆ ಹಲವು ಎಂ.ಎಸ್ಸಿ. ಕೋರ್ಸುಗಳಲ್ಲಿ ಮಾರ್ಚ್ 1ನ್ನೂ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು ಹಲವು ಕೋರ್ಸುಗಳಲ್ಲಿ ಮೇ 31ನ್ನೂ ಕೊನೆಯ ದಿನವಾಗಿ ಇಟ್ಟಿವೆ. ಮಾರ್ಚ್ 1ರ ದಿನಾಂಕ ಬೇಗ ಎಂದು ಅನೇಕರು ಬೇಸರಪಡುತ್ತಾರೆ. ನಿಜವೆಂದರೆ ವೀಸಾ ದೃಷ್ಟಿಯಿಂದ ಅದು ವಿದ್ಯಾರ್ಥಿಗೆ ಉಪಕಾರಿ, ಏಕೆಂದರೆ ನಿರ್ಧಾರವೂ ಅಷ್ಟೇ ಬೇಗ ಬರುತ್ತದೆ, ಅಕ್ಟೋಬರ್‌ಗೆ ಮುಂಚೆ ಮೂರು ನಾಲ್ಕು ತಿಂಗಳು ಉಳಿಯುತ್ತದೆ. ಆದ್ದರಿಂದ ಇನ್‌ಟೇಕ್ ಯಾವುದೇ ಇರಲಿ, ಅರ್ಜಿಯ ಕೊನೆಯ ದಿನಕ್ಕೂ ಪಾಠದ ಮೊದಲ ದಿನಕ್ಕೂ ನಡುವೆ ಐದು ತಿಂಗಳಾದರೂ ಇರುವ ಕೋರ್ಸುಗಳಿಗೆ ಮೊದಲ ಆದ್ಯತೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏಪ್ರಿಲ್‌ಗಾದರೆ ಇದರ ಅರ್ಥ ನವೆಂಬರ್ ಮಧ್ಯದೊಳಗೆ ಅರ್ಜಿ ಮುಗಿಯುವ ಕೋರ್ಸುಗಳು ಎಂದು.

ವೀಸಾಕ್ಕೆ ಮುಂಚೆ ಎಪಿಎಸ್ ಎಂಬ ಇನ್ನೊಂದು ಮೆಟ್ಟಿಲಿದೆ. ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿ, ಪದವಿಪತ್ರಗಳು ಅಸಲಿಯೇ ಎಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಈ ಕಚೇರಿ ದೆಹಲಿಯಲ್ಲಿದೆ, 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಇದರ ಪ್ರಮಾಣಪತ್ರ ಕಡ್ಡಾಯವಾಗಿದೆ. ಇದನ್ನು ವೀಸಾ ಸಮಯದಲ್ಲಿ ಮಾಡಿಸಿದರಾಯಿತು ಎಂದು ಮುಂದೂಡಿದವರು ಅಲ್ಲಿಯೇ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯ ಜೊತೆಗೇ ಇದನ್ನು ಕೇಳುತ್ತವೆ. ಕೊನೆಯ ವರ್ಷದಲ್ಲಿರುವವರು ಅದುವರೆಗಿನ ಅಂಕಪಟ್ಟಿಗಳನ್ನಿಟ್ಟು ಅರ್ಜಿ ಹಾಕಬಹುದು. ಏಳನೆಯ ಸೆಮಿಸ್ಟರ್ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಬ್ಲಾಕ್ಡ್ ಅಕೌಂಟನ್ನೂ ಪ್ರವೇಶಪತ್ರ ಬರುವವರೆಗೆ ಕಾಯದೆ ತೆರೆಯಬಹುದು, ಹಣವನ್ನು ಮಾತ್ರ ಪ್ರವೇಶ ಖಚಿತವಾದ ಮೇಲೆ ಕಳಿಸಿದರೆ ಸಾಕು. ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾಗಲು ಹಿಡಿಯುವ ವಾರಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವೀಸಾ ನಿರಾಕರಣೆಯಾದರೆ ಏನು ಎಂಬುದನ್ನೂ ಇನ್‌ಟೇಕ್ ಆಯ್ಕೆಯ ಹೊತ್ತಿನಲ್ಲಿಯೇ ಯೋಚಿಸಬೇಕಾಗಿದೆ. ಮೊದಲೆಲ್ಲ ನಿರಾಕರಣೆಯ ಪತ್ರಕ್ಕೆ ವಿವರಣೆ ಬರೆದು ಅದೇ ಕಚೇರಿಯಲ್ಲಿ ಮರುಪರಿಶೀಲನೆ ಕೋರುವ ಅವಕಾಶವಿತ್ತು. ಜರ್ಮನ್ ವಿದೇಶಾಂಗ ಇಲಾಖೆ ಈ ವ್ಯವಸ್ಥೆಯನ್ನು 2025ರ ಜುಲೈ 1ರಿಂದ ಜಗತ್ತಿನಾದ್ಯಂತ ನಿಲ್ಲಿಸಿದೆ. ಈಗ ಉಳಿದಿರುವುದು ಹೊಸದಾಗಿ ಅರ್ಜಿ ಹಾಕುವುದು ಅಥವಾ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗುವುದು. ಅಕ್ಟೋಬರ್‌ನಲ್ಲಿ ಪಾಠ ಶುರುವಾಗುವ ಕೋರ್ಸಿಗೆ ಜೂನ್‌ನಲ್ಲಿ ವೀಸಾ ಅರ್ಜಿ ಹಾಕಿದವರಿಗೆ, ಒಂದು ದಾಖಲೆಯ ಕೊರತೆಯಿಂದ ನಿರಾಕರಣೆಯಾದರೂ, ಅದನ್ನು ಸರಿಪಡಿಸಿ ಮತ್ತೆ ಅರ್ಜಿ ಹಾಕಲು ಸ್ವಲ್ಪವಾದರೂ ಕಾಲಾವಕಾಶ ಇರುತ್ತದೆ. ಆಗಸ್ಟ್ ಕೊನೆಯಲ್ಲಿ ಹಾಕಿದವರಿಗೆ ಅದು ಇರುವುದಿಲ್ಲ. ಆ ಸೀಟು ಮುಂದಿನ ಸೆಮಿಸ್ಟರಿಗೆ ತಾನಾಗಿ ವರ್ಗವಾಗುತ್ತದೆ ಎಂದೂ ನಂಬಬಾರದು. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶಪತ್ರ ಸಾಮಾನ್ಯವಾಗಿ ಅದರಲ್ಲಿ ನಮೂದಿಸಿದ ಸೆಮಿಸ್ಟರಿಗೆ ಮಾತ್ರ ಸಲ್ಲುತ್ತದೆ, ಮುಂದಿನ ಸಲಕ್ಕೆ ಹೊಸ ಅರ್ಜಿಯನ್ನೇ ಹಾಕಬೇಕು. ಕೋರ್ಸು ವಿಂಟರ್‌ನಲ್ಲಿ ಮಾತ್ರ ಪ್ರವೇಶ ಕೊಡುವಂಥದ್ದಾದರೆ ಆ ಮುಂದಿನ ಸಲವೆಂದರೆ ಒಂದು ವರ್ಷದ ನಂತರ.

ಪಾಠ ಶುರುವಾದ ಮೇಲೆ ಬರುತ್ತೇನೆಂದು ಕೇಳಿಕೊಳ್ಳಬಹುದಲ್ಲವೇ ಎಂಬ ಪ್ರಶ್ನೆ ಸಹಜ. ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಮುಂಚಿತವಾಗಿ ಬರೆದರೆ ಎರಡು ಮೂರು ವಾರಗಳ ತಡವನ್ನು ಒಪ್ಪುವವರಿದ್ದಾರೆ. ಆದರೆ ನೋಂದಣಿಗೆ ಒಂದು ಕಟ್ಟಕಡೆಯ ದಿನ ಇದ್ದೇ ಇರುತ್ತದೆ, ಅದನ್ನು ಪ್ರವೇಶಪತ್ರದಲ್ಲಿ ಬರೆದಿರುತ್ತಾರೆ. ವೀಸಾ ಅಧಿಕಾರಿಯೂ ಆ ದಿನವನ್ನು ನೋಡುತ್ತಾರೆ. ತಡವಾಗಿ ಸೇರಲು ಅನುಮತಿ ಸಿಕ್ಕಿದ್ದರೆ ಅದನ್ನು ಲಿಖಿತವಾಗಿ ಪಡೆದು ವೀಸಾ ಅರ್ಜಿಗೆ ಸೇರಿಸಬೇಕು, ಫೋನಿನಲ್ಲಿ ಹೇಳಿದ ಮಾತಿಗೆ ಅಲ್ಲಿ ಬೆಲೆಯಿರುವುದಿಲ್ಲ.

ವಿದ್ಯಾರ್ಥಿವೇತನಗಳ ವಿಷಯಕ್ಕೆ ಬಂದರೆ, ಅವುಗಳ ಕ್ಯಾಲೆಂಡರ್ ಬಹುತೇಕ ವಿಂಟರ್ ಸೆಮಿಸ್ಟರಿನ ಸುತ್ತಲೇ ಹೆಣೆದುಕೊಂಡಿದೆ, ಅದೂ ಬಹಳ ಮುಂಚೆ ಆರಂಭವಾಗುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ವೇತನ ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯ ಇಪೋಸ್ ಯೋಜನೆಯನ್ನೇ ನೋಡೋಣ. ಅಭಿವೃದ್ಧಿಶೀಲ ದೇಶಗಳವರಿಗಾಗಿ ಆಯ್ದ ಕೆಲವು ಸ್ನಾತಕೋತ್ತರ ಕೋರ್ಸುಗಳಿಗೆ ಮೀಸಲಾದ ಈ ಯೋಜನೆಯಲ್ಲಿ ಕನಿಷ್ಠ ಎರಡು ವರ್ಷದ ವೃತ್ತಿ ಅನುಭವ ಬೇಕು, ಪದವಿ ಮುಗಿದು ಸಾಮಾನ್ಯವಾಗಿ ಆರು ವರ್ಷಕ್ಕಿಂತ ಹೆಚ್ಚಾಗಿರಬಾರದು. ಕೊನೆಯ ದಿನ ಕೋರ್ಸಿನಿಂದ ಕೋರ್ಸಿಗೆ ಬೇರೆಯಾದರೂ ಹೆಚ್ಚಿನವು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬರುತ್ತವೆ, ಓದು ಶುರುವಾಗುವುದು ಮರುವರ್ಷ. ಅಂದರೆ ಹೊರಡುವ ದಿನಕ್ಕಿಂತ ಒಂದು ವರ್ಷ ಮುಂಚೆ ಅರ್ಜಿ. ನಮ್ಮ ದಾವಣಗೆರೆಯ ವಿದ್ಯಾರ್ಥಿನಿಗೆ ಅನುಭವದ ಷರತ್ತಿನಿಂದಾಗಿ ಇದು ಈಗ ದಕ್ಕುವುದಿಲ್ಲ. ಎರಡು ವರ್ಷ ಕೆಲಸ ಮಾಡಿ ಹೋಗಬೇಕೆಂದಿರುವವರು ಮಾತ್ರ ಇದನ್ನು ಗುರಿಯಾಗಿಟ್ಟುಕೊಂಡು ಇನ್‌ಟೇಕ್ ನಿರ್ಧರಿಸಬಹುದು.

ಡಾಯ್ಚ್‌ಲಾಂಡ್ ಸ್ಟಿಪೆಂಡಿಯಮ್ ಇದಕ್ಕಿಂತ ಭಿನ್ನ. ತಿಂಗಳಿಗೆ 300 ಯೂರೋ ಕೊಡುವ ಈ ವೇತನದಲ್ಲಿ ಅರ್ಧ ಹಣ ಜರ್ಮನಿಯ ಕೇಂದ್ರ ಸರ್ಕಾರದ್ದು, ಇನ್ನರ್ಧ ಖಾಸಗಿ ದಾನಿಗಳದು. ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಆದರೆ ಅರ್ಜಿಯನ್ನು ಆಯಾ ವಿಶ್ವವಿದ್ಯಾಲಯವೇ ಕರೆಯುತ್ತದೆ. ಹಲವು ವಿಶ್ವವಿದ್ಯಾಲಯಗಳು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಅರ್ಜಿ ಕರೆದು ಅಕ್ಟೋಬರ್‌ನಿಂದ ಹಣ ಕೊಡುತ್ತವೆ. ಇಲ್ಲಿ ಏಪ್ರಿಲ್‌ನಲ್ಲಿ ಸೇರಿದವರಿಗೆ ಒಂದು ಸಣ್ಣ ಲಾಭ ಇರುವುದನ್ನು ಗಮನಿಸಬೇಕು. ಅರ್ಜಿ ಕರೆಯುವ ಹೊತ್ತಿಗೆ ಅವರು ಆಗಲೇ ಅಲ್ಲಿನ ವಿದ್ಯಾರ್ಥಿಗಳಾಗಿರುತ್ತಾರೆ. ಅಕ್ಟೋಬರ್‌ನಲ್ಲಿ ಸೇರುವವರು ಆ ಹೊತ್ತಿಗೆ ವೀಸಾದ ಗಡಿಬಿಡಿಯಲ್ಲಿದ್ದು ಎಷ್ಟೋ ಸಲ ಆ ಪ್ರಕಟಣೆಯನ್ನೇ ನೋಡಿರುವುದಿಲ್ಲ. ಪ್ರವೇಶಪತ್ರ ಬಂದ ದಿನವೇ ವಿಶ್ವವಿದ್ಯಾಲಯದ ಸ್ಟಿಪೆಂಡಿಯಮ್ ಪುಟವನ್ನು ತೆರೆದು, ಹೊಸದಾಗಿ ಸೇರುವವರೂ ಅರ್ಜಿ ಹಾಕಬಹುದೇ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು.

ಭಾರತದ ಕಡೆಯಿಂದ ಸಿಗುವ ನೆರವಿನಲ್ಲಿ ದಿನಾಂಕದ ತೊಡಕು ಇನ್ನೂ ಗಂಭೀರ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಮಕ್ಕಳಿಗೆ ಮೀಸಲಾದದ್ದು. ವರ್ಷಕ್ಕೆ 125 ಸ್ಥಾನಗಳಿವೆ, ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಯೊಳಗಿರಬೇಕು. ಇದಕ್ಕೆ ಅರ್ಜಿ ಹಾಕುವವರು ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯವೊಂದರ ಷರತ್ತಿಲ್ಲದ ಪ್ರವೇಶಪತ್ರ ಹೊಂದಿರಬೇಕು. ಅರ್ಜಿಯ ಅವಧಿ ಹಲವು ವರ್ಷ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬಂದಿದೆ. ಈಗ ಜರ್ಮನಿಯ ಕ್ಯಾಲೆಂಡರನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಅದೇ ವರ್ಷದ ವಿಂಟರ್‌ಗೆ ಮಾರ್ಚ್‌ನೊಳಗೆ ನಿರ್ಧಾರ ತಿಳಿಸುವ ವಿಶ್ವವಿದ್ಯಾಲಯಗಳು ವಿರಳ. ಇನ್ನೂ ಪದವಿ ಮುಗಿಸದವರಿಗೆ ಸಿಗುವ ಪತ್ರದಲ್ಲಿ, ಪದವಿ ಪ್ರಮಾಣಪತ್ರವನ್ನು ನೋಂದಣಿಗೆ ಮುಂಚೆ ತೋರಿಸತಕ್ಕದ್ದು ಎಂಬ ಷರತ್ತು ಇದ್ದೇ ಇರುತ್ತದೆ. ಕೊನೆಯ ವರ್ಷದಲ್ಲಿದ್ದುಕೊಂಡು ಎರಡನ್ನೂ ಹೊಂದಿಸುವುದು ಅಸಾಧ್ಯಕ್ಕೆ ಹತ್ತಿರ. ಇಂಥ ಸ್ಕಾಲರ್‌ಶಿಪ್ಪಿನ ಮೇಲೆ ಪೂರ್ತಿ ಅವಲಂಬಿತರಾದವರು ಪದವಿ ಕೈಗೆ ಬಂದ ಮೇಲೆ, ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಅರ್ಜಿ ಮುಗಿದು ವಸಂತದ ಆರಂಭದಲ್ಲಿ ಫಲಿತಾಂಶ ಕೊಡುವ ವಿಂಟರ್ ಕೋರ್ಸುಗಳನ್ನು ಹುಡುಕಬೇಕು. ಅವರಿಗೆ ಒಂದು ವರ್ಷ ಕಾಯುವುದು ಸೋಲಲ್ಲ, ಆ ನಿಯಮಗಳ ಪ್ರಕಾರ ನಡೆಯುವ ದಾರಿಯೇ ಅದು. ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಎಂಬ ವಿದೇಶ ವ್ಯಾಸಂಗ ವೇತನ ಯೋಜನೆಗೆ ಅರ್ಜಿ ಹಾಕುವವರೂ ಆ ವರ್ಷದ ಅಧಿಸೂಚನೆಯಲ್ಲಿ ಪ್ರವೇಶಪತ್ರದ ಷರತ್ತನ್ನು ಮೊದಲು ಓದಿಕೊಳ್ಳಬೇಕು.

ವಿಂಟರ್, ಸಮ್ಮರ್ ಬಿಟ್ಟು ಬೇರೆ ದಿನಾಂಕಗಳೂ ಉಂಟು. ಖಾಸಗಿ ವಿಶ್ವವಿದ್ಯಾಲಯಗಳು ಜನವರಿ, ಮೇ, ಸೆಪ್ಟೆಂಬರ್ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ಪ್ರವೇಶ ಕೊಡುವುದುಂಟು. ಸರ್ಕಾರಿ ಕೋರ್ಸು ತಪ್ಪಿದವರಿಗೆ ಏಜೆಂಟರು ಮೊದಲು ತೋರಿಸುವ ದಾರಿಯೂ ಇದೇ. ದಿನಾಂಕ ಅನುಕೂಲವೆಂಬ ಒಂದೇ ಕಾರಣಕ್ಕೆ ಲಕ್ಷಗಟ್ಟಲೆ ಶುಲ್ಕದ ಕೋರ್ಸಿಗೆ ಸೇರುವುದನ್ನು ನಾನು ಒಪ್ಪುವುದಿಲ್ಲ. ಸೇರಲೇಬೇಕೆಂದರೆ ಆ ಸಂಸ್ಥೆಗೆ ರಾಜ್ಯದ ಮಾನ್ಯತೆ ಇದೆಯೇ, ಪಾಠಗಳು ತರಗತಿಯಲ್ಲಿ ನಡೆಯುತ್ತವೆಯೇ ಅಥವಾ ಆನ್‌ಲೈನ್‌ನಲ್ಲಿಯೇ ಎಂಬುದನ್ನು ಲಿಖಿತವಾಗಿ ಕೇಳಬೇಕು, ಏಕೆಂದರೆ ವಿದ್ಯಾರ್ಥಿ ವೀಸಾ ಕೊಡುವುದು ಅಲ್ಲಿ ಹಾಜರಿದ್ದು ಓದುವವರಿಗೆ. ಪಿಎಚ್.ಡಿ.ಗೆ ಹೋಗುವವರ ವಿಷಯ ಬೇರೆಯೇ. ಅವರಿಗೆ ಸೆಮಿಸ್ಟರ್‌ಗಿಂತ ಪ್ರಾಧ್ಯಾಪಕರ ಬಳಿ ಹುದ್ದೆ ಖಾಲಿಯಾಗುವ ದಿನ ಮುಖ್ಯ.

ಮತ್ತೆ ದಾವಣಗೆರೆಯ ವಿದ್ಯಾರ್ಥಿನಿಯ ಬಳಿಗೆ ಬರೋಣ. ಅವಳು 2025ರ ನವೆಂಬರ್‌ನೊಳಗೆ ಎಪಿಎಸ್ ಅರ್ಜಿ ಹಾಕಿ, ಇಂಗ್ಲಿಷ್ ಪರೀಕ್ಷೆ ಮುಗಿಸಿ, ಮಾರ್ಚ್ 1 ಮತ್ತು ಮೇ 31 ಕೊನೆಯ ದಿನವಿರುವ, ಪದವಿ ಇನ್ನೂ ಮುಗಿಸದವರ ಅರ್ಜಿಯನ್ನೂ ತೆಗೆದುಕೊಳ್ಳುವ ಮೂರು ನಾಲ್ಕು ಕೋರ್ಸುಗಳಿಗೆ 2026ರ ವಿಂಟರ್‌ಗೆ ಪ್ರಯತ್ನಿಸಬೇಕು. ಎಂಟನೆಯ ಸೆಮಿಸ್ಟರಿನ ಫಲಿತಾಂಶ ಬಂದ ತಕ್ಷಣ ತಾತ್ಕಾಲಿಕ ಪದವಿ ಪ್ರಮಾಣಪತ್ರ ಪಡೆಯಲು ಬೇಕಾದುದನ್ನೆಲ್ಲ ಕಾಲೇಜಿನಲ್ಲಿ ಮುಂಚೆಯೇ ವಿಚಾರಿಸಿಟ್ಟುಕೊಳ್ಳಬೇಕು. ಕಾಲೇಜಿನ ಎಲ್ಲ ತಯಾರಿಯಲ್ಲಿ ತಡವಾಗುವ ಕಾಗದ ಅದೇ. ಆಗಸ್ಟ್ ಮೊದಲ ವಾರದವರೆಗೆ ಪ್ರವೇಶಪತ್ರ ಬಾರದಿದ್ದರೆ ಆ ವಿಂಟರ್ ಕೈಬಿಟ್ಟಂತೆಯೇ ಎಂದು ತಿಳಿದು, ಮುಂದಿನ ಆಯ್ಕೆಗೆ ಹೊರಳಬೇಕು.

ಆಗ ಅವಳ ಮುಂದೆ ಎರಡು ದಾರಿ. ಅವಳು ಮೆಚ್ಚಿದ ಕೋರ್ಸಿನಲ್ಲಿ ಮೂರು ವಿಷಯಗಳ ಸರಪಳಿ ಇರುವುದರಿಂದ ಏಪ್ರಿಲ್‌ನಲ್ಲಿ ಅದಕ್ಕೆ ಸೇರಿದರೆ ಆರು ಲಕ್ಷ ರೂಪಾಯಿ ಹೆಚ್ಚಾಗುತ್ತದೆಯೇ ಹೊರತು ಸಮಯ ಉಳಿಯುವುದಿಲ್ಲ. ಬೇರೊಂದು ಕೋರ್ಸು ಸಮ್ಮರ್‌ಗೆ ಪ್ರತ್ಯೇಕ ಅಧ್ಯಯನ ಯೋಜನೆ ಕೊಟ್ಟಿದ್ದು, ಅದರ ಅರ್ಜಿ ನವೆಂಬರ್ ಮಧ್ಯದೊಳಗೆ ಮುಗಿಯುತ್ತಿದ್ದರೆ, ವಿಷಯವೂ ಅವಳಿಗೆ ಒಪ್ಪಿಗೆಯಾಗಿದ್ದರೆ, 2027ರ ಏಪ್ರಿಲ್ ಒಳ್ಳೆಯ ಆಯ್ಕೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅವಳು 2027ರ ಅಕ್ಟೋಬರ್‌ವರೆಗೆ ಊರಿನಲ್ಲಿಯೇ ಅಥವಾ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಜರ್ಮನ್ ಭಾಷೆಯನ್ನು ಬಿ1 ಎಂಬ ಮಧ್ಯಮ ಹಂತದವರೆಗೆ ಕಲಿತು ಹೋಗಲಿ ಎಂದೇ ನಾನು ಹೇಳುತ್ತೇನೆ. ಹಾಗೆ ಹೋದಾಗ ಪದವಿ ಪ್ರಮಾಣಪತ್ರ ಅವಳ ಕೈಯಲ್ಲಿರುತ್ತದೆ, ಪ್ರವೇಶಪತ್ರದಲ್ಲಿ ಷರತ್ತು ಇರುವುದಿಲ್ಲ, ವೀಸಾ ಅರ್ಜಿಯನ್ನು ಮೇ ಅಥವಾ ಜೂನ್‌ನಲ್ಲಿಯೇ ಹಾಕಬಹುದು. ಮೊದಲ ದಿನ ತರಗತಿಗೆ ಕಾಲಿಟ್ಟಾಗ ಹಲಗೆಯ ಮೇಲೆ ನಡೆಯುತ್ತಿರುವುದು ಸರಪಳಿಯ ಮೊದಲ ಪಾಠವೇ ಆಗಿರುತ್ತದೆ.